ಕೆಂಪು ಗೆರೆಯ ಹೊರಗೆ

ಶಹಾಪುರದ ನಮ್ಮ ಬೀಜದ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವವಳು ನಾನು. ಬೆಳಿಗ್ಗೆ ಮ್ಯಾನೇಜರ್ ವಿಶ್ವರಾಧ್ಯ ಸರ್ವರ್ ಒಳಹೊಕ್ಕಲು ನೋಡಿದವರ ದಾಖಲೆ, ಅಂದರೆ ಲಾಗ್‌ನ ಸ್ಕ್ರೀನ್‌ಶಾಟ್ ಕಳಿಸಿ, ಹಿಂದೆಯೇ ನನ್ನ ಕೋಣೆಗೆ ಬಂದರು. ಗುಮಾಸ್ತ ಅಂಬ್ರಪ್ಪನ ಹೆಸರಿದ್ದ ಸಾಲುಗಳಿಗೆಲ್ಲ ಕೆಂಪು ಗೆರೆ ಸುತ್ತಿತ್ತು. ಪಾಸ್‌ವರ್ಡ್ ತಪ್ಪು, ತಪ್ಪು, ತಪ್ಪು.

“ಸುರಪುರಕ್ಕ ವರ್ಗಾ ಮಾಡಿದ್ದಕ್ಕ ಸಿಟ್ಟಾಗಿ ಒಳಗ ನುಗ್ಗಾಕ ನೋಡ್ಯಾನ. ಪೊಲೀಸರಿಗೆ ಹೇಳ್ತೀನಿ,” ಎಂದರು. ಚಾರ್ಜ್ ಒಪ್ಪಿಸಲು ಬಂದಿದ್ದ ಅಂಬ್ರಪ್ಪ ಬಾಗಿಲಲ್ಲೇ ನಿಂತು ಬೆವರುತ್ತಿದ್ದ.

ನನಗೆ ರೇಗಿತು. “ಸರ, ಈ ಸಾಲೆಲ್ಲಾ ಬರೋಬ್ಬರಿ ಐದೈದು ನಿಮಿಷಕ್ಕ ಬಂದಾವ. ಮನುಷ್ಯಾ ಹಂಗ ಒತ್ತಂಗಿಲ್ಲರಿ. ವಿಳಾಸ ನೋಡ್ರಿ, ನಮ್ಮ ಗೋಡೌನ್ ಕಂಪ್ಯೂಟರಿಂದೇ ಅದ.”

ವರ್ಗವಾಯಿತೆಂದು ನಿನ್ನೆ ಸಂಜೆ ಅಂಬ್ರಪ್ಪನ ಪಾಸ್‌ವರ್ಡ್ ಬದಲಿಸಿದವಳು ನಾನೇ. ಗೋಡೌನಿನ ಕಡತಗಳನ್ನು ತಾನೇ ನಕಲು ಮಾಡಿ ಸರ್ವರ್‌ಗೆ ಕಳಿಸುವ ಬ್ಯಾಕಪ್ ಪ್ರೋಗ್ರಾಂ ಅವನ ಹೆಸರಿನಲ್ಲಿ ಹಳೆಯ ಪಾಸ್‌ವರ್ಡನ್ನೇ ಹಿಡಿದು ಮತ್ತೆ ಮತ್ತೆ ಬಾಗಿಲು ಬಡಿಯುತ್ತಿತ್ತು. ಹಾಗೆಂದು ಹೇಳಿ ಅದನ್ನು ನಿಲ್ಲಿಸಿದೆ. ಆ ಸಾಲುಗಳೂ ನಿಂತವು.

ಅಂಬ್ರಪ್ಪ ಕುರ್ಚಿ ಹಿಡಿದು ಕೂತ.

“ಹಂಗಾದ್ರ ಯಾರೂ ನುಗ್ಗಾಕ ನೋಡಿಲ್ಲೇನು?” ವಿಶ್ವರಾಧ್ಯ ಕೇಳಿದರು.

“ನೋಡ್ಯಾರ್ರಿ.” ಗೆರೆಯ ಹೊರಗಿನ ಸಾಲುಗಳ ಮೇಲೆ ಬೆರಳಿಟ್ಟೆ. ಕಂಪನಿಗೆ ಸೇರದ ಯಾವುದೋ ಒಂದೇ ಕಂಪ್ಯೂಟರಿನ ವಿಳಾಸ. ಅಲ್ಲಿಂದ ಯಾರೋ ಅಡ್ಮಿನ್, ಟೆಸ್ಟ್, ಗೆಸ್ಟ್ ಎಂದು ನಮ್ಮಲ್ಲಿ ಇಲ್ಲವೇ ಇಲ್ಲದ ಹೆಸರುಗಳನ್ನು ಒಂದರ ಹಿಂದೊಂದು ಹಾಕಿ ನೋಡಿದ್ದರು. ಯಾವ ಹೆಸರಿನಿಂದಲೂ ಒಳಗೆ ಬರಲಾಗಿರಲಿಲ್ಲ. “ಪಾಸ್‌ವರ್ಡ್ ಊಹಿಸಾಕತ್ತಿದ್ದು ಇವ್ರು. ಈ ವಿಳಾಸ ಈಗ ಬಂದ್ ಮಾಡ್ತೀನಿ.”

“ಮತ್ತ ಇದು ನನ್ನ ಕಣ್ಣಿಗೆ ಯಾಕ ಬೀಳಲಿಲ್ಲ?”

“ನೀವು ಕಳ್ಳನ್ನ ಹುಡುಕಿಲ್ಲರಿ ಸರ. ಅಂಬ್ರಪ್ಪನ್ನ ಹುಡುಕೀರಿ.”