ಲೆಕ್ಕಕ್ಕಿಲ್ಲದ ಸ್ಟೂಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ನಮ್ಮ ಮರಗೆಲಸದ ಅಂಗಡಿಯಿಂದ ಯಾರಿಗೆ ಪತ್ರ ಹೋಗುವುದಿದ್ದರೂ ನಾನು ಬರೆಯುವುದು, ತಮ್ಮ ಅದರೊಳಗಿನ ಮೆಣಸಿನಕಾಯಿ ಆರಿಸಿ ತೆಗೆಯುವುದು, ಆಮೇಲೆ ಟಪಾಲು. ಭೂದಾಖಲೆ ಇಲಾಖೆಗೆ ಬರೆದ ನಾಲ್ಕನೇ ಪತ್ರದಲ್ಲಂತೂ ಅವನಿಗೆ ಆರಿಸಿದಷ್ಟೂ ಸಿಕ್ಕಿತು.

"'ತಮ್ಮ ಕಚೇರಿಯವರಿಗೆ ನಾಚಿಕೆ ಅನ್ನೋದು ಇದ್ದರೆ' ಅಂತ ಬರ್ದಿದೀಯಲ್ಲಕ್ಕಾ!"

"ಇದೆಯಾ ಅವರಿಗೆ? ನೀನೇ ಹೇಳು."

"ಇರ್ಲಿ ಬಿಡು, ಇಲ್ದೆ ಹೋಗ್ಲಿ. ಪತ್ರದಲ್ಲಿ ಬೇಡ." ಅಷ್ಟೂ ಸಾಲನ್ನು ಹೊಡೆದುಹಾಕಿದ.

ಆ ಕಚೇರಿಯಲ್ಲಿ ಜನ ಸರದಿಗೆ ಕಾಯುವ ಹಜಾರಕ್ಕೆ ನಲವತ್ತು ಕುರ್ಚಿ ಮಾಡಿಕೊಟ್ಟಿದ್ದೆವು. ಮಂಜೂರಾತಿ ಆದೇಶ ನಮ್ಮ ಕೈಯಲ್ಲಿತ್ತು, ಸರಬರಾಜು ಆದೇಶ ಇತ್ತು, ಬಿಲ್ಲು ಮೂರು ಪ್ರತಿ ಕೊಟ್ಟಾಗಿತ್ತು. ಇಲ್ಲದೆ ಇದ್ದದ್ದು ದುಡ್ಡು ಒಂದೇ. ವಿಚಾರಿಸಲು ಹೋದಾಗಲೆಲ್ಲ ನಾನು ಕೂರುತ್ತಿದ್ದದ್ದು ನಾವೇ ಮಾಡಿದ ಕುರ್ಚಿಯ ಮೇಲೆ. ಕುರ್ಚಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅದು ಚೆನ್ನಾಗಿದೆ ಅನ್ನಿಸಿದಷ್ಟೂ ಹೊಟ್ಟೆ ಉರಿಯುತ್ತಿತ್ತು. ಒಳಗಿದ್ದ ಅಧೀಕ್ಷಕರಿಗೆ ನಾನಿಟ್ಟ ಹೆಸರು 'ನೋಡೋಣ ಸಾಹೇಬರು'. ಬೇರೆ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ.

ಇಷ್ಟು ದಿನ ಹೇಗೋ ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಆವತ್ತು ತಮ್ಮ ಪತ್ರ ತಿದ್ದುತ್ತಲೇ, ತಲೆ ಎತ್ತದೆ, ಇನ್ನೊಂದು ಮಾತು ಹೇಳಿದ.

"ಒಂದನೇ ತಾರೀಕಿಂದ ಬೇರೆ ಊರಿನ ಫರ್ನಿಚರ್ ಫ್ಯಾಕ್ಟರಿಗೆ ಕೆಲಸಕ್ಕೆ ಬರ್ತೀನಿ ಅಂತ ಒಪ್ಕೊಂಡಿದೀನಿ ಅಕ್ಕ. ಆ ಊರಲ್ಲಿ ಮನೇನೂ ಅವರೇ ಕೊಡ್ತಾರೆ."

ಅವನದೇನೂ ತಪ್ಪಿಲ್ಲ. ನಾಲ್ಕು ತಿಂಗಳಿಂದ ನಾನು ಅವನಿಗೆ ಸಂಬಳ ಕೊಟ್ಟಿರಲಿಲ್ಲ. ಇದ್ದಬದ್ದದ್ದೆಲ್ಲ ಮರದ ಡಿಪೋದವರಿಗೆ ಹೋಗಿತ್ತು. ಅವನ ಹೆಂಡತಿ ಬಾಡಿಗೆಗೆ ಎಷ್ಟು ಸಲ ತವರಿನ ಕಡೆ ಕೈಚಾಚಬೇಕು? ಅಪ್ಪ ಹೋದಮೇಲೆ ಈ ಅಂಗಡಿಯಲ್ಲಿ ನಾವಿಬ್ಬರೇ ಜೊತೆಗಿದ್ದವರು. ಅವನಿಲ್ಲದೆ ಬಾಗಿಲು ತೆಗೆಯುವುದು ಹೇಗೆ ಎಂದು ನನಗೆ ನಿಜಕ್ಕೂ ತಿಳಿದಿರಲಿಲ್ಲ.

"ದುಡ್ಡು ಬಂದ್ರೆ?" ಎಂದೆ.

"ಬಂದ್ರೆ ನಾನ್ಯಾಕೆ ಹೋಗ್ಲಿ? ಆದ್ರೆ ಈ ತಿಂಗಳಿಗೆ ಇಲಾಖೆಯವರ ಲೆಕ್ಕದ ವರ್ಷವೂ ಮುಗಿಯುತ್ತೆ. ಖರ್ಚಾಗದ ಮಂಜೂರಾತಿ ರದ್ದಾಗುತ್ತೆ. ಆಮೇಲೆ ಹೊಸದಾಗಿ ಅನುಮೋದನೆ, ಮತ್ತೆ ಮೊದಲಿಂದ." ಪೆನ್ನಿನ ತುದಿ ಕಚ್ಚಿದ. "ಅಕ್ಕ, ಈ ಸಲ ದುಡ್ಡು ಕೊಡಿ ಅಂತ ಕೇಳ್ಬೇಡ. ಬಿಲ್ಲು ಯಾರ ಮೇಜಿನ ಮೇಲಿದೆ, ಏನು ಕಮ್ಮಿ ಇದೆ, ಅಷ್ಟು ಕೇಳು."

ಹಾಗೇ ಬರೆದೆ:

'ಮಾನ್ಯರೇ, ತಮ್ಮ ಕಚೇರಿಯ ಮಂಜೂರಾತಿ ಆದೇಶ ಸಂಖ್ಯೆ 217, ದಿನಾಂಕ 4 ಜುಲೈ, ಮತ್ತು ಅದರನ್ವಯ ನೀಡಲಾದ ಸರಬರಾಜು ಆದೇಶ, ದಿನಾಂಕ 19 ಜುಲೈ, ಇವುಗಳ ಪ್ರಕಾರ ನಲವತ್ತು ಕುರ್ಚಿಗಳನ್ನು ಸೆಪ್ಟೆಂಬರ್ 2ರಂದು ಒಪ್ಪಿಸಿ, 5ರಂದು ಬಿಲ್ಲು ಸಲ್ಲಿಸಿರುತ್ತೇವೆ. ಬಿಲ್ಲು ಸದ್ಯ ಯಾವ ಶಾಖೆಯಲ್ಲಿದೆ, ನಮ್ಮ ಕಡೆಯಿಂದ ಯಾವ ದಾಖಲೆ ಬಾಕಿ ಇದೆ ಎಂದು ತಿಳಿಸಿದರೆ ತಕ್ಷಣ ಪೂರೈಸುತ್ತೇವೆ. ಆರ್ಥಿಕ ವರ್ಷ ಮುಗಿಯುತ್ತಿರುವುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇವೆ.'

'ವಿನಯಪೂರ್ವಕವಾಗಿ' ಎಂದು ಬರೆಯುವಾಗ ನನ್ನ ಹಲ್ಲಿನ ಸದ್ದು ಬೀದಿಗೆ ಕೇಳಿಸಿರಬೇಕು.

ಪತ್ರವನ್ನು ನಾನೇ ಒಯ್ದೆ. ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ನೋಡೋಣ ಸಾಹೇಬರು ಓದಿದರು. ಎರಡನೇ ಸಲವೂ ಓದಿದರು. ಆಮೇಲೆ, ದೇವರೇ, ಬೇರೆ ಮಾತಾಡಿದರು!

"ಇದಕ್ಕೆ ಉತ್ತರ ಕೊಡಬಹುದು. ಲೆಕ್ಕದ ಶಾಖೆಗೆ ಹೋಗಿ ಕೇಳಿ, ನಾನು ಹೇಳ್ದೆ ಅನ್ನಿ."

ಲೆಕ್ಕದ ಶಾಖೆಯಲ್ಲಿದ್ದದ್ದು ಕನ್ನಡಕವನ್ನು ತಲೆಗೇರಿಸಿಕೊಂಡ ಒಬ್ಬ ಹೆಂಗಸು. ಕಡತ ಬಿಚ್ಚಿ, ಬಿಲ್ಲಿನ ಹಿಂಬದಿ ತಿರುಗಿಸಿ, ಬೆರಳಿಟ್ಟು ತೋರಿಸಿದರು. ಅಲ್ಲಿ ಖಾಲಿ ಜಾಗ.

"ಸಾಮಾನು ಸರಿಯಾಗಿ ಬಂದಿದೆ, ದಾಸ್ತಾನು ಪುಸ್ತಕಕ್ಕೆ ಹತ್ತಿಸಿದೆ ಅಂತ ಇಲ್ಲಿ ಉಗ್ರಾಣದವರು ರುಜು ಹಾಕ್ಬೇಕಮ್ಮ. ಅದಿಲ್ದೆ ನಾನು ಖಜಾನೆಗೆ ಹೇಗೆ ಕಳಿಸ್ಲಿ? ಕೇಳಿದಾಗಲೆಲ್ಲ 'ಪರಿಶೀಲನೆಯಲ್ಲಿದೆ' ಅಂತಾರೆ."

"ಆರು ತಿಂಗಳು ಪರಿಶೀಲನೆಯಾ? ಕುರ್ಚಿಗೆ ಕಾಲು ಎಷ್ಟು ಅಂತ ಎಣಿಸ್ತಿದಾರಾ?"

ಆಕೆ ನಕ್ಕರು. ನಾನು ನಗಲಿಲ್ಲ. ದಡದಡ ಮೆಟ್ಟಿಲಿಳಿದೆ. ಆ ಉಗ್ರಾಣದವನಿಗೆ ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಸೆದುಕೊಂಡು ಹೋದೆ.

ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಎತ್ತರದ ಮೇಜಿನ ಹಿಂದೆ ನರೆತಲೆಯ ಒಬ್ಬರು ಕೂತು ಬರೆಯುತ್ತಿದ್ದರು. ಕುರ್ಚಿ ಮಾಡಿದವನ ಅಕ್ಕ ನಾನು ಎಂದದ್ದೇ ಅವರ ಮುಖ ಇಳಿಯಿತು. ಕೂತಲ್ಲಿಂದ ಮೆಲ್ಲಗೆ ಎದ್ದರು, ಸೊಂಟಕ್ಕೆ ಕೈ ಕೊಟ್ಟು. ಅವರ ಕೆಳಗಿದ್ದ ಸ್ಟೂಲನ್ನು ನೋಡಿದೆ. ಬೆನ್ನಿಗೆ ಬಾಗಿದ ಪಟ್ಟಿ, ಕಾಲಿಡಲು ಅಡ್ಡಕೋಲು, ಜೇನುಬಣ್ಣದ ಪಾಲಿಶು. ಆ ಪಾಲಿಶನ್ನು ಕತ್ತಲಲ್ಲಿ ಮುಟ್ಟಿದರೂ ಹೇಳುತ್ತೇನೆ, ಅದು ನನ್ನ ತಮ್ಮನ ಕೈ.

"ಅಳತೆ ತಗೊಳ್ಳೋಕೆ ಬಂದಾಗ ನಿಮ್ಮ ತಮ್ಮ ನೋಡಿದ್ರು, ನಾನು ನಿಂತ್ಕೊಂಡೇ ಬರೀತಿದ್ದೆ," ಎಂದರು ಅವರು. "ಕುರ್ಚಿ ಜೊತೆ ಇದನ್ನೂ ತಂದಿಟ್ರು. ಕಾಸು ಬೇಡ ಅಂದ್ರು. ಆದ್ರೆ ಪಾಪ, ಚಲನ್‌ನಲ್ಲಿ ಬರೆದುಬಿಟ್ರಲ್ಲ!"

ಸಾಮಾನು ಒಪ್ಪಿಸಿದ ಚಲನ್ ನನ್ನ ಚೀಲದಲ್ಲೇ ಇತ್ತು, ತೆಗೆದೆ. ನಾಲ್ಕು ಪತ್ರಕ್ಕೂ ಅದರ ನಕಲು ಲಗತ್ತಿಸಿದ್ದೆ. ಒಂದು ಸಲವೂ ಓದಿರಲಿಲ್ಲ. ಕುರ್ಚಿ ನಲವತ್ತು. ಅದರ ಕೆಳಗೆ ತಮ್ಮನ ದುಂಡು ಅಕ್ಷರದಲ್ಲಿ, ಸ್ಟೂಲು ಒಂದು. ಎಂಥ ಪ್ರಾಮಾಣಿಕ ಪ್ರಾಣಿಯೋ! ಧರ್ಮಕ್ಕೆ ಕೊಟ್ಟದ್ದಕ್ಕೂ ಲೆಕ್ಕ ಬರೆದಿದ್ದಾನೆ.

"ಆದೇಶದಲ್ಲಿ ಇಲ್ಲದ್ದನ್ನ ದಾಸ್ತಾನಿಗೆ ಹತ್ತಿಸೋ ಹಾಗಿಲ್ಲ. ಸರಬರಾಜು ಮಾಡೋರಿಂದ ಉಡುಗೊರೆ ತಗೊಳ್ಳೋ ಹಾಗೂ ಇಲ್ಲ. ಕೂಡಲೇ ವಾಪಸ್ ಮಾಡಿ ರುಜು ಹಾಕ್ಬೇಕಿತ್ತು. ನಾಳೆ ಮಾಡೋಣ, ನಾಳೆ ಮಾಡೋಣ ಅಂತ..." ಅವರು ಸ್ಟೂಲಿನ ಅಂಚನ್ನು ಸವರಿದರು. "ಸೊಂಟ ಬಿಡ್ಲಿಲ್ಲಮ್ಮ. ತಪ್ಪು ನಂದೇ."

ಮಸೆದು ತಂದ ಮಾತೆಲ್ಲ ಮೊಂಡಾಯಿತು. ಸಿಟ್ಟು ಬಂತು, ಪಾಪ ಅನ್ನಿಸಿತು, ಎರಡೂ ಒಟ್ಟಿಗೆ. ಹೀಗಾದರೆ ನನಗೆ ಅಳು ಬರುತ್ತದೆ, ಅದು ಇನ್ನೂ ದೊಡ್ಡ ತಲೆನೋವು.

"ನನ್ನ ತಮ್ಮ ಊರು ಬಿಟ್ಟು ಹೊರಟಿದಾನೆ ಅಣ್ಣ, ಸಂಬಳ ಇಲ್ದೆ," ಎಂದೆ. "ನಿಮಗೆ ಈ ಸ್ಟೂಲು ಮಾಡಿದೋನು."

ಅವರು ಖಾಲಿ ಹಾಳೆ ನನ್ನ ಮುಂದಿಟ್ಟರು. 'ಆದೇಶಕ್ಕೆ ಹೊರತಾಗಿ, ಬಿಲ್ಲಿಗೆ ಸೇರಿಸದೆ ತಂದ ಒಂದು ಸ್ಟೂಲನ್ನು ಹಿಂಪಡೆದಿರುತ್ತೇವೆ' ಎಂದು ಬರೆದುಕೊಟ್ಟೆ. ಅವರು ಚಲನ್ ಮೇಲೆ ಷರಾ ಹಾಕಿ, ನಲವತ್ತು ಕುರ್ಚಿ ಪುಸ್ತಕಕ್ಕೆ ಹತ್ತಿಸಿ, ಲೆಕ್ಕದ ಶಾಖೆಯಿಂದ ಬಿಲ್ಲು ತರಿಸಿ ಅದರ ಹಿಂದೆ ರುಜು ಮಾಡಿದರು. ಅಷ್ಟನ್ನೂ ನಿಂತುಕೊಂಡೇ ಬರೆದರು. ನಾನು ಸ್ಟೂಲನ್ನು ಹೊತ್ತು ಮೆಟ್ಟಿಲು ಹತ್ತುವಾಗ ಹಿಂತಿರುಗಿ ನೋಡುವ ಧೈರ್ಯ ಬರಲಿಲ್ಲ.

ಬಿಲ್ಲು ಅದೇ ಸಂಜೆ ಖಜಾನೆಗೆ ಹೋಯಿತು. ತಿಂಗಳ ಕೊನೆಯ ದಿನ ಮಧ್ಯಾಹ್ನ ಬ್ಯಾಂಕಿನಿಂದ ಫೋನಿಗೆ ಸಂದೇಶ ಬಂದಾಗ ಕಿರುಚಿದೆ ನೋಡಿ, ಪಕ್ಕದ ಅಂಗಡಿಯ ದರ್ಜಿ ಸೂಜಿ ಚುಚ್ಚಿಕೊಂಡ.

ನಾಲ್ಕು ತಿಂಗಳ ಸಂಬಳ ತಂದು ತಮ್ಮನ ಮುಂದಿಟ್ಟೆ. ಅವನ ಬ್ಯಾಗು ಬಾಗಿಲ ಹತ್ತಿರವೇ ಇತ್ತು, ಉಳಿ, ರಂದ, ಬ್ರಶ್ಶುಗಳನ್ನೆಲ್ಲ ತುಂಬಿಕೊಂಡು. ದುಡ್ಡನ್ನು ಎಣಿಸದೆ ಜೇಬಿಗೆ ಸೇರಿಸಿದ. ಹೋಗುತ್ತೀಯೋ ಇರುತ್ತೀಯೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಮೊದಲ ಸಲ.

ಅಷ್ಟರಲ್ಲಿ ಯಾರೋ ಹೊಸ್ತಿಲ ಬಳಿ ಕೆಮ್ಮಿದರು. ಉಗ್ರಾಣದವರು. ಕೈಯಲ್ಲಿ ಹೂಗುಚ್ಛ, ಹೆಗಲ ಮೇಲೆ ಶಾಲು.

"ಇವತ್ತಿಗೆ ನಿವೃತ್ತಿ ಆಯ್ತು," ಎಂದರು. "ಇನ್ನು ನನ್ನನ್ನ ಯಾವ ನಿಯಮಾನೂ ತಡೆಯಲ್ಲ. ಆ ಸ್ಟೂಲಿಗೆ ಎಷ್ಟು? ರಸೀದಿ ಬೇಕು ಮತ್ತೆ."

ತಮ್ಮ ಸ್ಟೂಲನ್ನು ಎಳೆದು ಅವರನ್ನು ಕೂರಿಸಿದ. ಮಂಡಿಯೂರಿ, ಕಾಲು ಅಡ್ಡಕೋಲಿಗೆ ಸಿಗುತ್ತದೆಯೇ ನೋಡಿದ.

"ಇದು ಆಫೀಸಿನ ಮೇಜಿಗೆ ಮಾಡಿದ್ದು, ಮನೆಗೆ ಎತ್ತರ ಆಯ್ತು. ಇದು ಬೇಡ, ಹೊಸದು ಮಾಡಿಕೊಡ್ತೀನಿ. ಮುಂದಿನ ವಾರ ಬನ್ನಿ ಸರ್."

ಹಾಗೆಂದವನೇ ಬಾಗಿಲ ಬಳಿ ಹೋಗಿ, ಬ್ಯಾಗು ಬಿಚ್ಚಿ, ಅಳತೆಪಟ್ಟಿ ಹುಡುಕತೊಡಗಿದ.