ಪಾಸ್‌ಬುಕ್ಕಿಗೆ ಬಿದ್ದ ಕೆಂಪು ಶಾಯಿ

ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು ನಾನು. ಅಂಗಡಿಯ ಬೋರ್ಡಿನಲ್ಲಿ ಕಾಗುಣಿತ ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುವಷ್ಟು ಕೊಬ್ಬಿತ್ತು. ಇತ್ತು ಎನ್ನುತ್ತಿದ್ದೇನೆ, ಗಮನಿಸಿ.

ಹೆಂಡತಿಗೆ ಐವತ್ತೆರಡನೇ ವಯಸ್ಸಿನಲ್ಲಿ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಕೆಲಸ ಸಿಕ್ಕಿತು. ಅವಳ ಜೀವನದ ಮೊದಲ ನೌಕರಿ. ಶಾಲೆಯ ಗುಮಾಸ್ತ ಕಾಗದಪತ್ರ ನೋಡಿ, ಗುರುತಿನ ಚೀಟಿಯ ಹೆಸರಿಗೂ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದೆ ಎಂದ. ಶನಿವಾರದೊಳಗೆ ಸರಿಮಾಡಿಸಿ ತರದಿದ್ದರೆ ಪಟ್ಟಿಯಲ್ಲಿ ಅವಳ ನಂತರದವರಿಗೆ ಆ ಕೆಲಸ. ಅವತ್ತು ಸೋಮವಾರ. ಅವಳ ಮುಖ ಸಣ್ಣಗಾಯಿತು.

"ರೀ, ಬ್ಯಾಂಕಿಗೆ ನಾನೂ ಬರ್ಲಾ?" ಎಂದಳು.

"ನೀನ್ಯಾಕೆ? ತಪ್ಪು ತಿದ್ದೋದು ನನ್ನ ಕಸುಬು. ಹೇಗೆ ಬೆವರಿಳಿಸಿ ಬರ್ತೀನಿ ನೋಡು."

ಕೂತು ಎರಡು ಪುಟದ ಪತ್ರ ಬರೆದೆ. ಬ್ಯಾಂಕಿನ ಬೇಜವಾಬ್ದಾರಿ, ಅಕ್ಷರದ ಮಹತ್ವ, ಈ ಕಾಲದವರ ಅವಸರ, ಒಂದನ್ನೂ ಬಿಡಲಿಲ್ಲ. ಕೊನೆಗೆ ಉದ್ದಕ್ಕೆ ನನ್ನ ಸಹಿ ಜಡಿದೆ. ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಪಾಸ್‌ಬುಕ್ಕಿನ ಮೊದಲ ಪುಟ ತೆರೆದು, ಅಕ್ಷರ ಬಿಟ್ಟುಹೋದ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಅಂಚಿನಲ್ಲಿ ಸರಿಯಾದ ಅಕ್ಷರ ಬರೆದು ಸುತ್ತು ಹಾಕಿದೆ. ಅವರಿಗೆ ಅನುಕೂಲವಾಗಲಿ ಎಂದು!

ಕೌಂಟರಿನಲ್ಲಿದ್ದ ಹುಡುಗಿ, ಪಾಪ, ಪತ್ರವನ್ನು ಪೂರ್ತಿ ಓದಿದಳು.

"ಸರ್, ಅಕೌಂಟ್ ನಿಮ್ಮದಾ?"

"ನನ್ನ ಹೆಂಡತೀದು."

"ಹಾಗಾದ್ರೆ ಅವ್ರೇ ಬರೆದು ಸೈನ್ ಹಾಕ್ಬೇಕು. ಮೂರು ಸಾಲು ಸಾಕು. ಅಕೌಂಟ್ ನಂಬರ್, ಈಗಿರೋ ಹೆಸರು, ಇರ್ಬೇಕಾದ ಹೆಸರು. ಜೊತೆಗೆ ಗುರುತಿನ ಚೀಟಿ, ಅದರ ಜೆರಾಕ್ಸು." ಇನ್ನೊಮ್ಮೆ ಪತ್ರ ತಿರುವಿದಳು. "ಇಷ್ಟೆಲ್ಲಾ ಬರೆದಿದೀರಿ, ಅವ್ರ ಹೆಸರೇ ಇಲ್ವಲ್ಲ ಸರ್?"

ಕಸಿದುಕೊಂಡು ನೋಡಿದೆ. 'ನನ್ನ ಪತ್ನಿ' ಏಳು ಸಲ ಇತ್ತು. ಹೆಸರು ಒಮ್ಮೆಯೂ ಇರಲಿಲ್ಲ.

ಅಷ್ಟರಲ್ಲಿ ಆ ಹುಡುಗಿ ಪಾಸ್‌ಬುಕ್ ತೆರೆದಿದ್ದಳು. "ಅಯ್ಯೋ, ಇದ್ರಲ್ಲಿ ಯಾರು ಗೀಚಿದ್ದು?"

"ಗೀಚಿದ್ದಲ್ಲಮ್ಮ, ತಿದ್ದಿದ್ದು."

"ಕೈಯಲ್ಲಿ ತಿದ್ದಿದ್ರೆ ಎಲ್ಲೂ ಒಪ್ಪಲ್ಲ ಸರ್. ಹೊಸ ಪಾಸ್‌ಬುಕ್ಕಿಗೂ ಅರ್ಜಿ ಕೊಡ್ಬೇಕು."

ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಮನೆಗೆ ಬಂದೆ.

ಮರುದಿನ ಬ್ಯಾಂಕಿಗೆ ಹೆಂಡತಿಯೂ ಬಂದಳು. ಹೊಲಿಗೆ ಯಂತ್ರದ ಮೇಲೆ ಹಾಳೆ ಇಟ್ಟು ಮೂರೇ ಸಾಲು ಬರೆದಿದ್ದಳು. ಒಮ್ಮೆ ನೋಡೋಣವೆಂದು ನಾನು ಕೈಚಾಚುವಷ್ಟರಲ್ಲಿ ಪತ್ರ ಕೌಂಟರಿನ ಆಚೆಗೆ ಹೋಗಿತ್ತು. ಹುಡುಗಿ ಸಹಿ ತಾಳೆ ನೋಡಿದಳು, ಚೀಟಿ ನೋಡಿದಳು, ಒಳಗಿನಿಂದ ಹನ್ನೊಂದು ವರ್ಷದ ಹಿಂದೆ ಖಾತೆ ತೆರೆದಾಗಿನ ಫಾರಂ ತರಿಸಿದಳು.

"ಮೇಡಂ, ಫಾರಂನಲ್ಲೇ ಹೀಗೆ ಬರೆದಿದೆ. ನಮ್ಮವ್ರೂ ಅವತ್ತು ಸರಿಯಾಗಿ ನೋಡಿಲ್ಲ," ಎಂದು ನಮ್ಮ ಕಡೆ ತಿರುಗಿಸಿದಳು.

ಮುತ್ತು ಪೋಣಿಸಿದಂಥ ಬರವಣಿಗೆ. ನನ್ನದೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಿಂಗೆ ಗೊತ್ತಿತ್ತಾ?" ಎಂದೆ, ಪಿಸುದನಿಯಲ್ಲಿ.

"ಅವತ್ತೇ ನೋಡ್ದೆ. ಹೇಳೋಕೆ ಬಂದೆ. 'ಇಂಟು ಮಾರ್ಕ್ ಹಾಕಿರೋ ಕಡೆ ಸೈನ್ ಮಾಡು, ಮಿಕ್ಕಿದ್ದು ನಾನು ನೋಡ್ಕೋತೀನಿ' ಅಂದ್ರಿ," ಎಂದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಒಂದು ಕೂಗು ಕೂಗಿ ಹಗುರಾಗುತ್ತಿದ್ದೆ.

ಶುಕ್ರವಾರ ಬ್ಯಾಂಕಿನಲ್ಲಿ ಹೊಸ ಪಾಸ್‌ಬುಕ್ ಕೈಗೆ ಬಂತು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಸರಿಯಾಗಿದೆ ಎಂದು ಚೀಲಕ್ಕೆ ಹಾಕಿಕೊಂಡಳು. ಅಲ್ಲಿಂದ ನೇರ ಶಾಲೆಗೆ ಹೋದೆವು. ಗುಮಾಸ್ತ ಒಪ್ಪಿಕೊಂಡು, ಸೋಮವಾರದಿಂದ ಬನ್ನಿ ಎಂದ. ಸೇರುವ ಫಾರಂನಲ್ಲಿ ಗಂಡನ ಹೆಸರು ಬರೆಯುವ ಕಡೆ ನಾನು ಕತ್ತು ಉದ್ದ ಮಾಡಿದೆ. ಅವಳು ಎಲ್ಲರೂ ಬಿಟ್ಟುಬಿಡುವ ಇನಿಷಿಯಲ್ ಸಮೇತ ಸರಾಗವಾಗಿ ಬರೆದು ಮುಗಿಸಿದಳು.

ನಾನು ಅವಳ ಹೆಸರನ್ನು ಎಷ್ಟು ಸಲ ಬರೆದಿದ್ದೇನೆ? ನೆನಪಾದದ್ದು ಬ್ಯಾಂಕಿನ ಆ ಫಾರಂ ಒಂದೇ. ಬರೆಯುವುದಿರಲಿ, ಬಾಯಲ್ಲಿ ಹೇಳಿದ್ದಾದರೂ ಯಾವಾಗ? ಮನೆಯಲ್ಲಿ 'ಲೇ', 'ಇವಳೇ'. ಹೊರಗಿನವರ ಮುಂದೆ 'ನಮ್ಮನೆಯವಳು'. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶಾಲೆಯ ಗೇಟು ದಾಟಿ ಅವಳು ನಾಲ್ಕು ಹೆಜ್ಜೆ ಮುಂದಿದ್ದಳು. ಗಂಟಲು ಸರಿಮಾಡಿಕೊಂಡು, ಒಂದಕ್ಷರವೂ ಬಿಡದೆ, ಹೆಸರು ಹಿಡಿದು ಕರೆದೆ.

ಅವಳು ತಿರುಗಲಿಲ್ಲ. ಇನ್ನಷ್ಟು ಜೋರಾಗಿ ಕರೆದೆ. ಆಗಲೂ ಇಲ್ಲ. ಓಡಿಹೋಗಿ ಜೊತೆಗೂಡಿದಾಗ ಕೇಳಿದಳು: "ಯಾರನ್ರೀ ಕರೀತಿದ್ರಿ ಅಷ್ಟೊತ್ತಿಂದ?"