ಅರ್ಜಿಯಲ್ಲಿ ಮೌಲಾ ಸಾಬರ ಜಾಗ

ಮೌಲಾ ಸಾಬರ ಮನೆಯೆದುರು ಕುರ್ಚಿಗಳನ್ನು ಹಾಕಿದ್ದರು. ನಿರೀಕ್ಷಕರು ಬರುತ್ತಾರೆಂದು ಹಾಕಿಸಿರಬೇಕು ಎಂದುಕೊಂಡಳು ವೀರಮ್ಮ.

ಹಿರಿಯೂರಿನ ಆ ಓಣಿಯ ಬಾಡಿಗೆದಾರರು ಸೇರಿ ಗೃಹ ನಿರ್ಮಾಣ ಸಹಕಾರ ಸಂಘ ಕಟ್ಟಲು ಹೊರಟಿದ್ದರು. ಸಭೆ ಕರೆದು, ಬಟ್ಟೆ ಹೊಲಿಯುವ ವೀರಮ್ಮನನ್ನೇ ಮುಖ್ಯ ಪ್ರವರ್ತಕಿಯಾಗಿ ಆರಿಸಿದ್ದರು. ಅನುಮತಿ ಪಡೆದು ಸಂಗ್ರಹಿಸಿದ ಷೇರು ಹಣವನ್ನು ಬ್ಯಾಂಕಿನಲ್ಲಿಟ್ಟು, ಬೈಲಾ ಪ್ರತಿಗಳ ಜೊತೆ ನೋಂದಣಿ ಅರ್ಜಿಯನ್ನು ಚಿತ್ರದುರ್ಗದ ಕಚೇರಿಗೆ ಅವಳೇ ಕೊಟ್ಟು ಬಂದಿದ್ದಳು. ಸಹಿ ಮಾಡಿದವರನ್ನು ಕಣ್ಣಾರೆ ನೋಡಿ ವರದಿ ಬರೆಯಲು ಸಹಕಾರ ಇಲಾಖೆಯ ನಿರೀಕ್ಷಕ ಗುರುರಾಜ್ ಅಂದು ಬಂದಿದ್ದರು.

ಬಾಗಿಲಲ್ಲಿ ಸಾಬರ ಮಗ ಜುಬೇರ್ ನಿಂತಿದ್ದ.

"ಅಪ್ಪಾರನ್ನ ಕರಿಯಪ್ಪ. ಸಾಹೇಬ್ರು ಬಂದಾರೆ."

"ಅಬ್ಬಾ ಹೋಗ್ಬಿಟ್ರಕ್ಕ," ಎಂದ. "ಬೆಳಿಗ್ಗೆ ನಮಾಜಿಗೆ ಅಂತ ಎದ್ದೋರು ಹಂಗೇ ಕುಸಿದ್ರು."

ವೀರಮ್ಮನಿಗೆ ಮಾತು ಅರ್ಥವಾಗಲಿಲ್ಲ. ಹಿಂದಿನ ಸಂಜೆಯಷ್ಟೇ ಸಾಬರು ಅಂಗಡಿಗೆ ಬಂದು, ನಾಳೆ ಹಾಸಿಗೆ ಹೊಲಿಯಕ್ಕೆ ಹೋಗಲ್ಲ, ಮನೇಲೇ ಇರ್ತೀನಿ ಅಂದಿದ್ದರು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಒಳಗೆ ಹೆಂಗಸರು ಅಳುತ್ತಿದ್ದರು.

ಗುರುರಾಜ್ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ಬಂದರು. ಓಣಿಯ ತಿರುವಿನಲ್ಲಿ ಮೆಲ್ಲಗೆ ಹೇಳಿದರು: "ಈಗ ಹೇಳಬಾರ್ದು, ಆದ್ರೂ ಹೇಳ್ಬೇಕು. ಕಾಯ್ದೆ ಕೇಳೋಷ್ಟೇ ಜನ ನಿಮ್ಮ ಅರ್ಜೀಲಿದ್ರು. ಒಬ್ಬರು ಕಮ್ಮಿಯಾದ್ರೆ ನೋಂದಣಿ ಆಗಲ್ಲ. ಬದಲಿಗೆ ಬರೋರು ಸಹಿ ಹಾಕಿರೋ ಬಾಕಿಯೋರ ಕುಟುಂಬದೋರಾಗ್ಬಾರ್ದು, ಈ ಊರಲ್ಲೇ ಇರ್ಬೇಕು."

ಉಳಿದ ಮನೆಗಳಿಂದ ಒಬ್ಬೊಬ್ಬರು ಆಗಲೇ ಸಹಿ ಹಾಕಿದ್ದರು. ಜುಬೇರ್ ಇದ್ದದ್ದು ಧರ್ಮಪುರದಲ್ಲಿ. ಉಳಿದವರೆಂದರೆ ಸಾಬರ ಹೆಂಡತಿ ಅಕ್ತರ್ ಬೀ. ಅವರನ್ನು ಹೇಗೆ ಕೇಳುವುದೆಂದು ತಿಳಿಯದೆ ವೀರಮ್ಮ ಆ ಓಣಿಯಲ್ಲಿ ತಲೆ ತಗ್ಗಿಸಿಯೇ ಓಡಾಡಿದಳು.

ಕೊನೆಗೆ ಅಕ್ತರ್ ಬೀಯೇ, ಅವರ ಬದಲು ನಾನು ಸಹಿ ಹಾಕ್ತೀನಿ ಎಂದು ಹೇಳಿಕಳಿಸಿದರು. ಗಂಡ ತೀರಿದ ಮೇಲೆ ಕೂರುವ ಇದ್ದತ್ತಿನ ದಿನಗಳು, ಅವರು ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಉಳಿದ ಅರ್ಜಿದಾರರು ಅವರ ಅಂಗಳದಲ್ಲೇ ಸಭೆ ಸೇರಿ, ಅವರ ಹೆಸರು ಸೇರಿಸುವ ಠರಾವು ಬರೆದರು. ಗುರುರಾಜ್ ಅಲ್ಲಿಗೇ ಬಂದರು.

ಅಕ್ತರ್ ಬೀ ಪರದೆಯ ಆಚೆ ಕುಳಿತು ತಿದ್ದಿದ ಅರ್ಜಿಗೆ ಸಹಿ ಹಾಕುತ್ತಿದ್ದರು. ಪಕ್ಕದಲ್ಲಿ ವೀರಮ್ಮ ವಿವರ ತುಂಬುತ್ತಿದ್ದಳು.

"ಗಂಡನ ಹೆಸರು?" ಅರ್ಜಿಯಲ್ಲಿದ್ದದ್ದನ್ನು ಹಾಗೇ ಓದಿದಳು.

"ಮೌಲಾ ಸಾಬ್."

"ಮುಂದೆ ದಿವಂಗತ ಅಂತ ಬರೀರಿ," ಎಂದರು ಈಚೆಯಿಂದ ಗುರುರಾಜ್.

ವೀರಮ್ಮನ ಪೆನ್ನು ನಿಂತಿತು. ಅಕ್ತರ್ ಬೀ ಆ ಮಾತನ್ನು ಈಗಷ್ಟೇ ಕೇಳಿದವರಂತೆ ಅವಳ ಮುಖ ನೋಡಿದರು. ದಫನಾದ ದಿನವೂ ಅಳದಿದ್ದ ಆಕೆ ವೀರಮ್ಮನ ತೋಳು ಹಿಡಿದು ಗೋಳೋ ಎಂದು ಅತ್ತರು. ಗುರುರಾಜ್ ಎದ್ದು ಅಂಗಳದ ಆಚೆ ಹೋಗಿ ನಿಂತರು.

ಎಷ್ಟೋ ಹೊತ್ತಾದ ಮೇಲೆ, "ಬರಿಯಮ್ಮ," ಎಂದರು ಅಕ್ತರ್ ಬೀ.

ಸಂಘ ನೋಂದಣಿಯಾಯಿತು. ಪ್ರಮಾಣಪತ್ರವನ್ನು ವೀರಮ್ಮ ಮೊದಲು ಅವರ ಮನೆಗೇ ಒಯ್ದಳು.